ಬಿಸಿ ರೊಟ್ಟಿ ಎಂದು ಹೇಳಿದ ಸುಳ್ಳು

ನಮಸ್ಕಾರ. ತಡವಾಗಿ ಓದು ಕಲಿತವನು ನಾನು, ತಪ್ಪಿದ್ದರೆ ಕ್ಷಮಿಸಿ.

ಹೆಂಡತಿ ಬಿಟ್ಟುಹೋದದ್ದನ್ನು ಜೇವರ್ಗಿಯ ಗೆಳೆಯರಿಗೆ ಬಾಯಿಬಿಟ್ಟು ಹೇಳಲಾಗದೆ ಮೊಬೈಲಿನಲ್ಲಿ ಒಂದು ಕಿರುಚಿತ್ರ ಮಾಡಿದೆ. ಊಟ ಮಾಡುವವನು ನಾನೇ, ಕಥೆ ಹೇಳುವ ದನಿಯೂ ನನ್ನದೇ: “ನಮ್ಮಾಕಿ ಈಗಷ್ಟ ರೊಟ್ಟಿ ಬಡದು ಕೊಟ್ಟಾಳ.” ಆ ದನಿ ಸುಳ್ಳು ಹೇಳುತ್ತದೆ, ಚಿತ್ರ ಹೇಳುವುದಿಲ್ಲ. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ, ಹಿಂದೆ ಆರಿದ ಒಲೆ. ತಟ್ಟೆಯಲ್ಲಿ ಹಲವು ದಿನದ ಖಡಕ್ ರೊಟ್ಟಿ. ಅದು ಪುಡಿಯಾಗಿ ಮುರಿಯುವುದನ್ನು ಹತ್ತಿರದಿಂದ ತೆಗೆದಿದ್ದೆ, ಯಾರಾದರೂ ಸುಳ್ಳು ಹಿಡಿಯಲಿ ಎಂದು.

ಗೆಳೆಯರು ನೋಡಿ, “ಪುಣ್ಯವಂತ ಬಿಡಲೇ, ದಿನಾ ಬಿಸಿ ರೊಟ್ಟಿ!” ಎಂದು ನಕ್ಕರು.

ನಾವು ಕೂರುವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅವ್ವ ಮಾತ್ರ ಅದನ್ನು ನೋಡಿ ನಗಲಿಲ್ಲ. “ಬಿಸಿ ರೊಟ್ಟಿ ಹಿಂಗ ಮುರೀತದೇನೋ ತಮ್ಮಾ? ಆಕಿ ಯಾವಾಗ ಹೋದ್ಳು?”

“ಮೂರು ತಿಂಗಳಾತವ್ವಾ” ಎಂದೆ. ಹೇಳಿದ ಮೇಲೆ ಮನಸ್ಸು ಹಗುರಾಯಿತು.

ನಿಮಗೂ ಹೀಗೆ ಆಗಿದ್ದರೆ ದಯವಿಟ್ಟು ಬರೆಯಿರಿ.