ಅಕ್ಕನ ದುಂಡು ಮುಖ

ಕೀಲುವಾತಕ್ಕೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿ ನನ್ನ ಅಕ್ಕನ ಮುಖ ಊದಿ ದುಂಡಗಾಗಿತ್ತು. ನೆಂಟರು ಆಡಿಕೊಂಡರೆಂದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟಳು. ಕೆಲವೇ ದಿನಗಳಲ್ಲಿ ವಾಂತಿಯಾಗಿ, ಬಿ.ಪಿ. ಇಳಿದು ಕುಸಿದುಬಿದ್ದಳು. ಮಂಡ್ಯದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು.

ಮನೆಗೆ ಕಳಿಸುವ ದಿನ ನರ್ಸ್ ಅವಳ ಪಕ್ಕ ಕುಳಿತು ಹೇಳಿದರು: “ಮಾತ್ರೆಲಿರೋ ಆ ರಸವ ನಿಮ್ ಮೈ ತಾನೇ ಮಾಡ್ಕೊಳ್ಳದ ಮರ್ತುಬುಟ್ಟದೆ ಕಣಮ್ಮ. ತಟ್ಟನೆ ಬುಡಬಾರ್ದು. ಡಾಕ್ಟ್ರು ಏಳ್ದಂಗೆ ಚೂರುಚೂರೇ ಇಳಿಸ್ಬೇಕು. ವಾಂತಿಯಾಗಿ ಮಾತ್ರೆ ಒಟ್ಟೇಲಿ ನಿಲ್ದಿದ್ರೆ ತಕ್ಸಣ ಬನ್ನಿ.”

“ಮುಖ ಮೊದ್ಲಿನಂಗಾಯ್ತದಾ?” ಎಂದಳು ಅಕ್ಕ.

“ಆಯ್ತದೆ, ನಿಧಾನಕ್ಕೆ.”

ಮದ್ದೂರಿನಲ್ಲಿ ಬಸ್ಸು ಬದಲಿಸಿದಾಗ, ಅವಳ ಜೊತೆ ಓದಿದ ಗೆಳತಿ ನಮ್ಮ ಸೀಟಿಗೇ ಬಂದು ಕುಳಿತಳು. ಅಕ್ಕನ ಗುರುತು ಹಿಡಿಯಲಿಲ್ಲ. ನಾವು ಇಳಿಯುವ ಬೆಸಗರಹಳ್ಳಿ ಬರುವವರೆಗೂ ಅಕ್ಕ ತಾನು ಯಾರೆಂದು ಹೇಳದೆ ಕಿಟಕಿಯತ್ತ ಮುಖ ತಿರುಗಿಸಿಕೊಂಡಿದ್ದಳು. ನನ್ನ ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದಳು.