ನರ ಹಿಡಿದದ್ದಲ್ಲ

ನಮ್ಮ ಕಡೆ ಕಾಲಿನ ಎಲ್ಲ ನೋವಿಗೂ ಒಂದೇ ಹೆಸರು: ನರ ಹಿಡಿದದ್ದು. ಬೋರಗಾಂವದ ವಿದ್ಯುತ್ ಮಗ್ಗದ ಮುಂದೆ ಮೂವತ್ತು ವರ್ಷ ನಿಂತು, ಬೀಡಿ ಸೇದಿ ದಣಿವಾರಿಸಿಕೊಂಡ ಅಪ್ಪನ ನೋವಿಗೂ ಅದೇ ಹೆಸರಿತ್ತು. ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ ಮೇಲೂ ನಾವು ಬೇರೆ ಹೆಸರು ಹುಡುಕಲಿಲ್ಲ. ಮರುವರ್ಷ ಅಪ್ಪ ತೀರಿಕೊಂಡರು.

ಈ ಬೇಸಿಗೆಯಲ್ಲಿ ನನ್ನ ಎಡ ಮೀನಖಂಡ ನಿದ್ದೆಯಲ್ಲೇ ಕಲ್ಲಿನಂತೆ ಗಂಟುಗಟ್ಟತೊಡಗಿತು. ಅವ್ವ ಎಣ್ಣೆ ಹಚ್ಚುತ್ತ ಒಂದೇ ಮಾತು ಹೇಳಿದಳು: "ನಿಮ್ಮಪ್ಪಗೂ ಎಡಗಾಲೇ ಹಿಡದಿತ್ತು." ನನ್ನ ಕಾಲೂ ಹಾಗೇ ಹೋಗುವುದೆಂಬ ಭಯ ನನ್ನನ್ನು ಚಿಕ್ಕೋಡಿಯ ದವಾಖಾನೆಗೆ ಎಳೆದೊಯ್ದಿತು.

ಅಲ್ಲಿಯ ವೈದ್ಯೆ ಮೊದಲು ಚಪ್ಪಲಿ ಬಿಡಿಸಿದರು.

"ನಡಿಯೋವಾಗ ಬರತೈತೇನ್ರಿ?"

"ಇಲ್ರಿ, ಮಲಗಿದಾಗಷ್ಟ. ಬೆರಳು ಮ್ಯಾಲೆ ಎಳದ್ರ ಬಿಡತೈತಿ. ಮರದಿನ ಮುಟ್ಟಿದ್ರ ನೋಯತೈತಿ."

ಅವರು ಎರಡೂ ಮೀನಖಂಡಗಳನ್ನು ಹೋಲಿಸಿ ನೋಡಿದರು. ಪಾದದ ಮೇಲೆ, ಹರಡಿನ ಗಂಟಿನ ಹಿಂದೆ ಬೆರಳೊತ್ತಿ ನಾಡಿ ಹುಡುಕಿದರು.

"ನಾಡಿ ಛಲೋ ಐತಿ. ಬಾವು ಇಲ್ಲ, ಬಿಸಿ ಇಲ್ಲ. ಇದು ಬರೇ ಸ್ನಾಯು ಸೆಳೆತ. ದಿನಾ ಎಷ್ಟು ತಾಸು ನಿಲ್ಲತೀರಿ?"

"ಪರೀಕ್ಷಾ ಕೋಣೆ ಕಾಯೋ ಕೆಲಸರಿ, ಆರು ತಾಸು. ನೀರೂ ಕುಡಿಯೂದಿಲ್ಲ. ಕಾಲೇಜಿನ್ಯಾಗ ಹೆಣ್ಣಮಕ್ಕಳ ಶೌಚಾಲಯಕ್ಕ ಬೀಗ ಹಾಕ್ಯಾರ."

"ಹಂಗಾರ ಬೀಗ ಹಾಕಿದವರ ಕಾಲು ಹಿಡೀಬೇಕಿತ್ತು. ನಿಮ್ದ್ಯಾಕ ಹಿಡೀತ?"

ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ, ಆದರೆ ಬಹಳ ಹೊತ್ತು ನಿಲ್ಲುವುದು, ನೀರು ಕಡಿಮೆಯಾಗುವುದು ಇದಕ್ಕೆ ದಾರಿಯಾಗಬಹುದು ಎಂದರು. ಮಲಗುವ ಮುನ್ನ ಗೋಡೆಗೆ ಕೈಯೂರಿ, ಹಿಮ್ಮಡಿ ಎತ್ತದೆ ಮೀನಖಂಡ ಚಾಚಲು ಹೇಳಿದರು.

ಅಪ್ಪನ ಕಾಲಿನ ಕಥೆ ಹೇಳಿ, ಅದೂ ಸೆಳೆತವೇ ಎಂದು ಕೇಳಿದೆ. ಬಸ್ ನಿಲ್ದಾಣಕ್ಕೆ ಹೋಗುವಾಗ ಅಪ್ಪ ಅರ್ಧ ದಾರಿಯಲ್ಲಿ ನಿಂತು ಅಂಗಡಿ ನೋಡುವಂತೆ ನಟಿಸುತ್ತಿದ್ದರು. ಸ್ವಲ್ಪ ನಿಂತರೆ ನೋವು ಇಳಿಯುತ್ತಿತ್ತು. ಅಷ್ಟೇ ದೂರ ನಡೆದರೆ ಮತ್ತೆ ಬರುತ್ತಿತ್ತು.

"ಅದು ಸೆಳೆತ ಅಲ್ರಿ, ರಕ್ತನಾಳ ಕಟ್ಟಿ ಕಾಲಿಗೆ ರಕ್ತ ಸಾಲದ್ದು. ಕಡೀಕ ಮಲಗಿದಾಗ ಪಾದ ನೋಯತಿತ್ತೇನು? ಮಂಚದಿಂದ ಕಾಲು ಇಳಿಬಿಡತಿದ್ರೇನು?"

ಇಳಿಬಿಡುತ್ತಿದ್ದರು. ನಾನು ಪ್ರತಿಸಲ ಆ ಕಾಲನ್ನೆತ್ತಿ ಎರಡು ದಿಂಬಿನ ಮೇಲೆ ಇಡುತ್ತಿದ್ದೆ.

"ಬ್ಯಾಡ ಬೇ, ಕೆಳಗಿದ್ರ ಹಗುರ ಅನಸತೈತಿ," ಎನ್ನುತ್ತಿದ್ದರು ಅಪ್ಪ.

"ಓದಿದಾಕಿ ಹೇಳಾಕತ್ತೇನಿ. ಸುಮ್ಮ ಮಲಗಪ್ಪ," ಎನ್ನುತ್ತಿದ್ದೆ ನಾನು.

ವೈದ್ಯೆ ಮೆಲ್ಲಗೆ ಅಂದರು: "ಕೆಳಗ ಬಿಟ್ರ ಒಂಚೂರು ರಕ್ತ ಇಳೀತೈತಿ. ಅದಕ್ಕ ಬಿಡತಿದ್ರು."

ಎರಡು ವರ್ಷ ಅಪ್ಪನಿಗೆ ಸೂಜಿ ಚುಚ್ಚಿದ ನಮ್ಮೂರ ವೈದ್ಯರು ಒಮ್ಮೆಯೂ ಅವರ ಪಾದ ಮುಟ್ಟಲಿಲ್ಲ. ಏಕೆ ಮುಟ್ಟಲಿಲ್ಲವೆಂದು ಲಿಖಿತ ಉತ್ತರ ಕೇಳಿ ಅವರಿಗೇ ಪತ್ರ ಬರೆದಿದ್ದೇನೆ. ನಾಳೆ ಕೈಯಾರೆ ಕೊಡುತ್ತೇನೆ. ಅದರಲ್ಲಿ ಕಾಲನ್ನು ದಿಂಬಿಗೇರಿಸಿದವಳು ನಾನೇ ಎಂಬ ಸಾಲನ್ನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಅವ್ವನಿಗೆ ಇನ್ನೂ ಓದಿ ಹೇಳಿಲ್ಲ.