ಹನ್ನೆರಡನೇ ಕಿಲೋಮೀಟರಿನ ಹೋಳಿಗೆ

ನನ್ನ ಮೊದಲ ಹಾಫ್ ಮ್ಯಾರಥಾನಿಗೆ ಸಿಂದಗಿಯ ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಬರೆದುಕೊಟ್ಟ ಚೀಟಿ ಇದು.

ವೇಗ: ಕಿ.ಮೀ.ಗೆ 7 ನಿಮಿಷ.
5 ಕಿ.ಮೀ.: 35 ನಿಮಿಷ. ನೀರು, ಎರಡು ಖರ್ಜೂರ.
10 ಕಿ.ಮೀ.: 1 ಗಂಟೆ 10 ನಿಮಿಷ. ಅದೇ.
15 ಕಿ.ಮೀ.: 1 ಗಂಟೆ 45 ನಿಮಿಷ. ಅದೇ.
21.1 ಕಿ.ಮೀ.: 2 ಗಂಟೆ 28 ನಿಮಿಷ.
ಅಭ್ಯಾಸದಲ್ಲಿ ತಿನ್ನದ್ದನ್ನು ಓಟದಲ್ಲಿ ತಿನ್ನಬಾರದು.

ವಿಜಯಪುರದ ರಸ್ತೆಯಲ್ಲಿ ಹತ್ತು ಕಿ.ಮೀ. ದಾಟುವವರೆಗೂ ಗಡಿಯಾರ ಚೀಟಿಯ ಪ್ರಕಾರವೇ ನಡೆದಿತ್ತು. ಹನ್ನೆರಡರಲ್ಲಿ ಅವ್ವನ ತಂಗಿ, ಬಸವನ ಬಾಗೇವಾಡಿಯ ಚಿಗವ್ವ, ಡಬ್ಬಿ ಹಿಡಿದು ಅಡ್ಡ ನಿಂತಿದ್ದಳು.

"ಶೇಂಗಾ ಹೋಳಿಗಿ ತಂದೇನಿ. ನಿಂತು ತಿನ್ನವಾ."

"ಬ್ಯಾಡ ಚಿಗವ್ವಾ, ಓಡೂಮುಂದ ಹೊಟ್ಟಿ ಹಿಡಿತೈತಿ!"

"ಇದರ ಸಲುವಾಗಿ ಮೊದಲನೇ ಬಸ್ಸಿಗೆ ಬಂದೇನಿ. ಬ್ಯಾಡ ಅಂತೀಯೇನ?"

ಸಿಟ್ಟಿನಿಂದಲೇ ಒಂದು ಹೋಳಿಗೆ ಕಿತ್ತುಕೊಂಡೆ; ಬಾಯಿಗೆ ಹಾಕದೆ ಮುಷ್ಟಿಯಲ್ಲಿ ಹಿಡಿದು ಓಡಿದೆ. ಕಳೆದುಕೊಂಡ ಒಂದು ನಿಮಿಷ ಕೊನೆಯವರೆಗೂ ಕೈಗೆ ಸಿಗಲಿಲ್ಲ: 2 ಗಂಟೆ 29 ನಿಮಿಷ. ಗೆರೆ ದಾಟಿದ ಮೇಲೆ ಮುಷ್ಟಿ ಬಿಚ್ಚಿ, ಬೆವರಿಗೆ ಅಂಟಿದ್ದ ಹೋಳಿಗೆಯ ಪುಡಿಯನ್ನೆಲ್ಲ ನೆಕ್ಕಿದೆ.

ಮುಂದಿನ ಓಟದ ಚೀಟಿಯನ್ನು ನಾನೇ ಬರೆದೆ. ಅದರಲ್ಲಿ ಒಂದು ಸಾಲು ಹೆಚ್ಚಿಗೆ ಇದೆ.

12 ಕಿ.ಮೀ.: ಚಿಗವ್ವ. ಒಂದು ನಿಮಿಷ.